ಒಂದೇ ಬಟ್ಟಲಿನ ಬಣ್ಣ, ಇಬ್ಬರ ತಲೆ: ಪಾರ್ಲರಿಗೆ ಹೋಗುವ ಮುಂಚೆ ಓದಿ

ಇಬ್ಬರಿಗೆ ಸೇರಿಸಿ ಒಂದೇ ಬಟ್ಟಲಲ್ಲಿ ಹೇರ್ ಕಲರ್ ಕಲಸಿ, ಒಂದೇ ಟೈಮರ್ ಇಟ್ಟು ಇಬ್ಬರ ತಲೆಯನ್ನೂ ಒಟ್ಟಿಗೆ ತೊಳೆಯುತ್ತೇವೆ ಎನ್ನುವ ಪಾರ್ಲರ್ ಸಿಕ್ಕರೆ ದಯವಿಟ್ಟು ಕುರ್ಚಿಯಿಂದ ಎದ್ದು ಬನ್ನಿ. ಡೊಂಬಿವಲಿಯ ಒಂದು ಪಾರ್ಲರಿನಲ್ಲಿ ನನಗೂ ನನ್ನ ಅತ್ತಿಗೆಗೂ ಹೀಗೇ ಮಾಡಿದರು. ಮಾಟುಂಗಾದಲ್ಲಿ ಅಣ್ಣನ ಮಗನ ಮುಂಜಿ ಇತ್ತು. ಆ ಮುಂಜಿಯ ಫೋಟೊಗಳಲ್ಲಿ ನನ್ನ ತಲೆ ಟೋಪನ್ ಇಟ್ಟ ಹಾಗೆ ಕರ್ರಗಿದೆ, ಅತ್ತಿಗೆಯ ನೆತ್ತಿ ಕೆಂಪಗೆ ಮಿಂಚುತ್ತಿದೆ. ಹಬ್ಬ, ಮದುವೆ ಅಂತ ಅಕ್ಕತಂಗಿಯರು, ತಾಯಿಮಗಳು ಜೊತೆಯಾಗಿ ಬಣ್ಣ ಹಾಕಿಸಿಕೊಳ್ಳುವುದು ಮುಂಬಯಿಯಲ್ಲಿ ತೀರಾ ಸಾಮಾನ್ಯ, ಹಾಗಾಗಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮಿಬ್ಬರಿಗೂ ಅದು ಮೊದಲ ಸಲ. ಅದಕ್ಕೆ ಮೊದಲು ಕೆಮಿಕಲ್ ಬಣ್ಣವಾಗಲಿ ಮೆಹಂದಿಯಾಗಲಿ ಇಬ್ಬರ ತಲೆಗೂ ತಾಗಿರಲಿಲ್ಲ. ನಾಲ್ಕನೇ ನಂಬರಿನ ಶೇಡ್, ಅಂದರೆ ಸಾಧಾರಣ ಕಂದು ಬಣ್ಣ, ಅಂತ ಗೊತ್ತು ಮಾಡಿದೆವು. 60 ಗ್ರಾಮಿನ ಎರಡು ಟ್ಯೂಬನ್ನು ಬಟ್ಟಲಿಗೆ ಹಿಂಡಿ, 180 ಮಿ.ಲೀ. ಡೆವಲಪರ್ ಸುರಿದು ಕಲಸಿದರು. ಡೆವಲಪರ್ 20 ವಾಲ್ಯೂಮಿನದು, ಅಂದರೆ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಬಿಳಿ ಕೂದಲು ಮುಚ್ಚಲು ಎಲ್ಲರೂ ಬಳಸುವುದು ಅದೇ, ಅದರಲ್ಲಿ ತಪ್ಪೇನಿಲ್ಲ. ಇಬ್ಬರು ಹುಡುಗಿಯರು ಅಕ್ಕಪಕ್ಕ ನಿಂತು ಹಚ್ಚಿದರು, 35 ನಿಮಿಷಕ್ಕೆ ಟೈಮರ್ ಇಟ್ಟರು, ಗಂಟೆ ಹೊಡೆದ ಕೂಡಲೇ ಇಬ್ಬರನ್ನೂ ಬೇಸಿನ್ನಿಗೆ ಕರೆದರು. ನಡುವೆ ಒಂದು ಸಲವೂ ಯಾರೂ ಒಂದು ಎಳೆಯನ್ನಾದರೂ ಒರೆಸಿ ನೋಡಲಿಲ್ಲ.

ನನ್ನ ಕೂದಲು ತುಂಬ ನಯ, ಒಂದು ಎಳೆಯನ್ನು ಬೆರಳ ಮಧ್ಯೆ ಹಿಡಿದರೆ ಇದೆಯೋ ಇಲ್ಲವೋ ಗೊತ್ತಾಗದು. ಅತ್ತಿಗೆಯದು ಒರಟು, ಜಡೆ ಬಿಚ್ಚಿದರೆ ತಾನಾಗಿ ಎದ್ದು ನಿಲ್ಲುವಂಥದ್ದು. ಹುಟ್ಟು ಬಣ್ಣದಲ್ಲೂ ವ್ಯತ್ಯಾಸವಿದೆ: ನನ್ನದು ಬಿಸಿಲಲ್ಲಿ ಕಂದು ಕಾಣುತ್ತದೆ, ಅವರದು ಅಪ್ಪಟ ಕಪ್ಪು. ಹಾಗಾಗಿ ಇಡೀ ತಲೆ ನೋಡಿ ಹೋಲಿಸಿದರೆ ನ್ಯಾಯವಲ್ಲ. ಬಿಳಿ ಕೂದಲನ್ನೇ ನೋಡಬೇಕು, ಏಕೆಂದರೆ ಅದರಲ್ಲಿ ಸ್ವಂತ ಬಣ್ಣ ಎಂಬುದೇ ಇರುವುದಿಲ್ಲ, ಕಾಣುವುದೆಲ್ಲ ಟ್ಯೂಬಿನದು. ಮಾರನೆಯ ದಿನ ಬಾಲ್ಕನಿಯ ಬೆಳಕಿನಲ್ಲಿ ನನ್ನ ಕಿವಿಯ ಮೇಲಿನದೊಂದು, ಅತ್ತಿಗೆಯ ನೆತ್ತಿಯದೊಂದು ಎಳೆ ಕಿತ್ತು ಬಿಳಿ ಕಾಗದದ ಮೇಲಿಟ್ಟೆವು. ಎರಡೂ ಹಿಂದಿನ ದಿನ ಬೆಳ್ಳಗಿದ್ದ ಎಳೆಗಳು. ನನ್ನದು ಬುಡದಿಂದ ತುದಿಯವರೆಗೆ ಕಪ್ಪಿಗೆ ಹತ್ತಿರದ ಗಾಢ ಕಂದು. ಅತ್ತಿಗೆಯದು ಹೊರಗೆ ತೆಳುವಾಗಿ ಬಣ್ಣ ಹತ್ತಿದ ಹಾಗಿದ್ದು, ಬೆಳಕಿಗೆ ಹಿಡಿದರೆ ಒಳಗಿನಿಂದ ಹಳದಿ ಕೆಂಪು. ಒಂದೇ ಬಟ್ಟಲು, ಒಂದೇ 35 ನಿಮಿಷ.

ಪಾರ್ಲರಿನ ಒಡತಿ ಫೋನಿನಲ್ಲಿ, "ಟ್ಯೂಬ್ ಒಂದೇ, ಟೈಮ್ ಒಂದೇ, ಇಬ್ಬರದ್ದೂ ಬೇರೆ ಬೇರೆ ಆಗಿದ್ದರೆ ನಿಮ್ಮ ಕೂದಲೇ ಸರಿ ಇಲ್ಲ" ಅಂದುಬಿಟ್ಟರು. ನನಗೆ ತುಂಬ ಸಿಟ್ಟು ಬಂದದ್ದು ಈ ಮಾತಿಗೆ. ಕೂದಲು ಬೇರೆ ಬೇರೆ ಅಂತ ಗೊತ್ತಿದ್ದ ಮೇಲೆ ಟೈಮ್ ಹೇಗೆ ಒಂದೇ ಇಟ್ಟರು?

ಇದರ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವರು ಮುಲುಂಡಿನಲ್ಲಿ ಬಹಳ ವರ್ಷದಿಂದ ಬಣ್ಣದ ಕೆಲಸವನ್ನೇ ಮಾಡುತ್ತಿರುವ ಕುಂದಾಪುರದ ಕಡೆಯ ಒಬ್ಬ ಅಣ್ಣ. ಟ್ಯೂಬಿನಲ್ಲಿರುವುದು ತಯಾರಾದ ಬಣ್ಣವಲ್ಲ. ಅಮೋನಿಯಾ ಎಳೆಯ ಹೊರಪದರವನ್ನು ಉಬ್ಬಿಸಿ ಸಡಿಲ ಮಾಡುತ್ತದೆ, ಆಗ ಬಣ್ಣದ ಸಣ್ಣ ಸಣ್ಣ ಕಚ್ಚಾ ಕಣಗಳು ಪೆರಾಕ್ಸೈಡಿನ ಜೊತೆ ಒಳಗೆ ಹೋಗುತ್ತವೆ. ಒಳಗೇ ಒಂದಕ್ಕೊಂದು ಕೂಡಿಕೊಂಡು ದೊಡ್ಡವಾಗುತ್ತವೆ. ದೊಡ್ಡವಾದ ಮೇಲೆ ಹೊರಗೆ ಬರಲಾಗದೆ ಅಲ್ಲೇ ಉಳಿಯುತ್ತವೆ, ಅದೇ ನಿಲ್ಲುವ ಬಣ್ಣ. ಅದೇ ಹೊತ್ತಿಗೆ ಪೆರಾಕ್ಸೈಡ್ ಕೂದಲಿನ ಹುಟ್ಟು ಬಣ್ಣವನ್ನೂ ಸ್ವಲ್ಪ ತೆಗೆಯುತ್ತಾ ಇರುತ್ತದೆ. ಕಪ್ಪು ಕೂದಲಿನ ಬಣ್ಣ ಸ್ವಲ್ಪ ಹೋದರೆ ಅಡಿಯಿಂದ ಕಾಣುವುದು ಕೆಂಪು. ಕೆಲಸ ಮುಗಿಯುವ ಮೊದಲೇ ತೊಳೆದರೆ, ಹೋಗಬೇಕಾದದ್ದು ಹೋಗಿರುತ್ತದೆ, ಬರಬೇಕಾದದ್ದು ಪೂರ್ತಿ ಬಂದಿರುವುದಿಲ್ಲ. ಅತ್ತಿಗೆಗೆ ಆದದ್ದು ಇದೇ. ಅರ್ಧಕ್ಕೆ ನಿಂತ ಕಣಗಳು ಶಾಂಪೂ ಜೊತೆ ಹರಿದುಹೋಗಿ, ಸ್ವಲ್ಪ ದಿನದಲ್ಲೇ ನೆತ್ತಿಯ ಬಿಳಿ ಕೂದಲು ಒಣಹುಲ್ಲಿನ ಬಣ್ಣಕ್ಕೆ ಬಂತು.

ಎಳೆಯ ದಪ್ಪ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಯವಾದ ಎಳೆ ಸುಮಾರು 50 ಮೈಕ್ರಾನ್ ಅಂದುಕೊಳ್ಳಿ, ಒರಟು ಎಳೆ 100. ಅಗಲ ಎರಡು ಪಟ್ಟಾದರೆ ಬಣ್ಣ ಒಳಗೆ ಇಳಿಯುವ ಹೊರಮೈ ಎರಡೇ ಪಟ್ಟು ಹೆಚ್ಚುತ್ತದೆ, ಆದರೆ ತುಂಬಬೇಕಾದ ಒಳಭಾಗ ನಾಲ್ಕು ಪಟ್ಟು. ನಡುವಿನವರೆಗೆ ಹೋಗುವ ದಾರಿಯೂ ಇಮ್ಮಡಿ. ಆದ್ದರಿಂದ ನಯ ಎಳೆ ಬೇಗ ತುಂಬಿಕೊಂಡು, ಡಬ್ಬಿಯ ಮೇಲಿನ ಶೇಡಿಗಿಂತ ಗಾಢವಾಗಿ ಕಾಣುತ್ತದೆ. ಒರಟು ಎಳೆ ನಿಧಾನ, ಅದೇ ಹೊತ್ತಿನಲ್ಲಿ ಒಂದು ಮಟ್ಟ ತಿಳಿಯಾಗಿಯೇ ಉಳಿಯುತ್ತದೆ. ಅದರ ಮೇಲೆ ಒರಟು ಬಿಳಿ ಕೂದಲಿನ ಹೊರಪದರ ಎಷ್ಟೋ ಸಲ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಬಣ್ಣ ಅಷ್ಟು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅತ್ತಿಗೆಯ ಕುರ್ಚಿ ಎಸಿಯ ಗಾಳಿಗೆ ನೇರವಾಗಿತ್ತು, ಅದೂ ಒಂದು ಕಾರಣ. ತಂಪಿನಲ್ಲಿ ಈ ಕೆಲಸ ಇನ್ನಷ್ಟು ನಿಧಾನವಾಗುತ್ತದೆ.

ನಿಮ್ಮದು ಯಾವ ಬಗೆ ಅಂತ ತಿಳಿಯುವುದು ಕಷ್ಟವಲ್ಲ. ತಲೆಯಲ್ಲಿ ಕೂದಲು ಎಷ್ಟು ಒತ್ತಾಗಿದೆ ಅನ್ನುವುದನ್ನು ನೋಡಬೇಡಿ, ಅದು ಬೇರೆ ವಿಷಯ. ಒತ್ತಾದ ತಲೆಯಲ್ಲೂ ಎಳೆ ನಯ ಇರಬಹುದು. ನೆತ್ತಿಯಿಂದ, ಕಿವಿಯ ಪಕ್ಕದಿಂದ, ಹಿಂದಲೆಯಿಂದ ಒಂದೊಂದು ಎಳೆ ತೆಗೆದು, ಬಟ್ಟೆ ಹೊಲಿಯುವ ನೂಲಿನ ಪಕ್ಕದಲ್ಲಿ ಬಿಳಿ ಕಾಗದದ ಮೇಲೆ ಇಡಿ. ಆಮೇಲೆ ಹೆಬ್ಬೆರಳು ತೋರುಬೆರಳ ಮಧ್ಯೆ ಉರುಳಿಸಿ. ನೂಲಿನ ಹಾಗೆ ಕೈಗೆ ಸಿಕ್ಕರೆ ಒರಟು, ಬೆರಳಿಗೆ ಏನೂ ತಾಗದಿದ್ದರೆ ನಯ. ಒಬ್ಬರದೇ ತಲೆಯಲ್ಲಿ ಎರಡೂ ಇರುತ್ತವೆ, ಹಣೆಯ ಅಂಚಿನದು ನಯವಾಗಿದ್ದು ನೆತ್ತಿಯದು ಒರಟಾಗಿರುವುದು ಸಾಮಾನ್ಯ. ಅದಕ್ಕೇ ಹಣೆಯಂಚಿಗೆ ಕೊನೆಯಲ್ಲಿ ಹಚ್ಚಿ ಅಂತ ಕೇಳಿ. ಆದರೆ ಅಲ್ಲೇ ನರೆ ಹೆಚ್ಚಿದ್ದರೆ ಈ ಮಾತು ಬಿಡಿ, ನರೆ ಎಲ್ಲಿ ಜಾಸ್ತಿಯೋ ಅಲ್ಲಿಂದಲೇ ಶುರು ಮಾಡಬೇಕು.

ದಪ್ಪವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಅನ್ನುವುದನ್ನೂ ಹೇಳಬೇಕು. ಒರಟು ಕೂದಲಿಗೆ ಮೊದಲೇ ಸ್ಟ್ರೇಟ್ನಿಂಗ್ ಮಾಡಿಸಿದ್ದರೆ ಹೊರಪದರ ಹಾಳಾಗಿರುತ್ತದೆ, ಅಂಥ ಕೂದಲು ಗಬಗಬ ಬಣ್ಣ ಎಳೆದುಕೊಳ್ಳುತ್ತದೆ. ಯಾವತ್ತೂ ಏನೂ ಮಾಡಿಸದ ನಯ ಕೂದಲು ಒಮ್ಮೊಮ್ಮೆ ಹಠ ಮಾಡುತ್ತದೆ. ಇದಕ್ಕೆ ಒಂದು ಎಳೆಗೊಂಚಲಿನ ಪರೀಕ್ಷೆ ಬಿಟ್ಟರೆ ಬೇರೆ ದಾರಿಯಿಲ್ಲ. ಹಿಂದಲೆಯಲ್ಲಿ ಕಾಣದ ಕಡೆಯಿಂದ, ಬಿಳಿ ಎಳೆ ಇರುವ ಹಾಗೆ ನೋಡಿಕೊಂಡು, ಸಣ್ಣ ಗೊಂಚಲು ಕತ್ತರಿಸಿ ಬುಡಕ್ಕೆ ದಾರ ಕಟ್ಟಿ. ಒಂದು ಪಾಲು ಟ್ಯೂಬಿನ ಬಣ್ಣಕ್ಕೆ ಒಂದೂವರೆ ಪಾಲು ಡೆವಲಪರ್, ಅಥವಾ ನಿಮ್ಮ ಡಬ್ಬಿ ಹೇಳುವ ಅಳತೆ, ಒಂದು ಚಮಚದಷ್ಟು ಕಲಸಿ ಹಚ್ಚಿ. 20 ನಿಮಿಷದಿಂದ ಶುರುಮಾಡಿ ಐದೈದು ನಿಮಿಷಕ್ಕೊಮ್ಮೆ ಒದ್ದೆ ಹತ್ತಿಯಿಂದ ಒಂದು ಎಳೆ ಒರೆಸಿ, ಕಿಟಕಿ ಹತ್ತಿರ ಹಗಲ ಬೆಳಕಲ್ಲಿ ನೋಡಿ. ಒರೆಸದೆ ನೋಡಿದರೆ ಪ್ರಯೋಜನವಿಲ್ಲ: ಮೇಲೆ ಮೆತ್ತಿಕೊಂಡ ಬಣ್ಣ ಗಾಳಿಗೆ ಕಪ್ಪಾಗಿ, ಎಳೆಯೂ ಕಪ್ಪಾದ ಹಾಗೆ ಮೋಸ ಮಾಡುತ್ತದೆ.

ನಯ ಕೂದಲಿನವರು ಇನ್ನೊಂದು ಗುಂಡಿಗೆ ಬೀಳುವುದನ್ನು ನೋಡಿದ್ದೇನೆ. ಬೇಗ ಕಪ್ಪಾಗುತ್ತದೆ ಅಂತ ಹದಿನೈದೇ ನಿಮಿಷಕ್ಕೆ ತೊಳೆದುಬಿಡುತ್ತಾರೆ. ಕಣಗಳು ಪೂರ್ತಿ ಕೂಡಿರುವುದಿಲ್ಲ, ಬಣ್ಣ ಬಹುಬೇಗ ಹೋಗುತ್ತದೆ. ಡಬ್ಬಿ ಹೇಳುವ ಕನಿಷ್ಠ ಸಮಯ ಬಿಡಬೇಕು, ತಿಳಿ ಮಾಡಬೇಕಾದದ್ದು ಶೇಡನ್ನು, ನಂಬರ್ ಹೆಚ್ಚಾದಷ್ಟೂ ಶೇಡ್ ತಿಳಿ. ನನಗೆ ಆಮೇಲೆ ಹುಟ್ಟಿಬಂದ ಬುಡಕ್ಕೆ ಆ ಅಣ್ಣ ಐದನೇ ನಂಬರ್ ಹಾಕಿ 30 ನಿಮಿಷ ಬಿಟ್ಟರು. ಮೊದಲ ಸಲ ನಾಲ್ಕರಿಂದ ನನಗೆ ಬೇಕಿದ್ದ ಬಣ್ಣ ಆಗ ಬಂತು.

ಅತ್ತಿಗೆಗೆ ಶೇಡ್ ಬದಲಿಸಲಿಲ್ಲ, ಡೆವಲಪರ್ ಕೂಡ ಅದೇ 20 ವಾಲ್ಯೂಮ್. ಅವರಿಗೆಂದೇ ಹೊಸದಾಗಿ ಕಲಸಿದರು, ಏಕೆಂದರೆ ಕಲಸಿದ ಕ್ಷಣದಿಂದಲೇ ಬಟ್ಟಲಲ್ಲೂ ಕಣಗಳು ಕೂಡಿಕೊಳ್ಳಲು ಶುರುವಾಗುತ್ತವೆ, ಹೊತ್ತು ಕಳೆದ ಬಣ್ಣದ ಶಕ್ತಿ ಅಷ್ಟಕ್ಕಷ್ಟೇ. ನೆತ್ತಿಯಿಂದ ಆರಂಭಿಸಿ, ಬೆರಳಿನಷ್ಟೂ ಅಗಲವಿಲ್ಲದ ಬೈತಲೆ ತೆಗೆಯುತ್ತಾ, ಎಳೆಗಳು ಬಣ್ಣದಲ್ಲಿ ಮುಳುಗುವಷ್ಟು ದಪ್ಪಗೆ ಹಚ್ಚಿದರು. 30 ನಿಮಿಷಕ್ಕೆ ಒರೆಸಿ ತೋರಿಸಿದಾಗ ಬಿಳಿ ಎಳೆ ಇನ್ನೂ ಹಳದಿಗಂದು. "ನೋಡಿ ಅಕ್ಕ, ಅವತ್ತು ಇಲ್ಲಿಗೇ ತೊಳೆದುಬಿಟ್ಟಿದ್ದಾರೆ" ಅಂದರು. ಆ ಟ್ಯೂಬಿನ ಚೀಟಿಯಲ್ಲಿ ಬಿಳಿ ಕೂದಲಿಗೆ 45 ನಿಮಿಷದವರೆಗೆ ಅಂತ ಇತ್ತು. 45ಕ್ಕೆ ಒರೆಸಿದಾಗ ಕಂದು ಗಟ್ಟಿಯಾಗಿ ನಿಂತಿತ್ತು. ಚೀಟಿಯಲ್ಲಿರುವ ಗರಿಷ್ಠ ಸಮಯ ಮೀರಬೇಡಿ, ಅಷ್ಟರಲ್ಲಿ ಬಣ್ಣದ ಕೆಲಸ ಮುಗಿದಿರುತ್ತದೆ, ಆಮೇಲೆ ತಲೆಯ ಚರ್ಮಕ್ಕೆ ಉರಿ ಮಾತ್ರ ಲಾಭ.

ಆ ಹಳೆಯ ಪಾರ್ಲರಿನವರು ಸರಿಮಾಡಿಕೊಡುತ್ತೇವೆ ಅಂತ ಎರಡು ಮಾತು ಹೇಳಿದ್ದರು, ಎರಡೂ ಅಪಾಯದವು. ನನಗೆ ಆರನೇ ನಂಬರ್ ಮೇಲಿಂದ ಹಾಕಿದರೆ ತಿಳಿಯಾಗುತ್ತದೆ ಅಂದರು. ಒಮ್ಮೆ ಒಳಗೆ ಕೂತ ಬಣ್ಣವನ್ನು ಇನ್ನೊಂದು ಬಣ್ಣ ತಿಳಿ ಮಾಡುವುದಿಲ್ಲ. ಬುಡದಲ್ಲಿ ಹೊಸದಾಗಿ ಹುಟ್ಟಿದ ಕೂದಲು ಮಾತ್ರ ತಿಳಿಯಾಗಿ, ಕೆಳಗೆ ಕಪ್ಪು ಉಳಿದು, ತಲೆ ಎರಡು ಬಣ್ಣವಾಗುತ್ತಿತ್ತು. ಅತ್ತಿಗೆಗೆ 40 ವಾಲ್ಯೂಮ್ ಹಾಕಿ ಬೇಗ ಮುಗಿಸೋಣ ಅಂದರು. ಅದರಲ್ಲಿ 12 ಶೇಕಡಾ ಪೆರಾಕ್ಸೈಡ್ ಇರುತ್ತದೆ. ಬಿಳಿ ಕೂದಲು ಅದರಿಂದ ಹೆಚ್ಚು ಮುಚ್ಚುವುದಿಲ್ಲ, ಕಪ್ಪು ಕೂದಲಿನ ಹುಟ್ಟು ಬಣ್ಣ ಇನ್ನಷ್ಟು ಹೋಗಿ ಕೆಂಪು ಜಾಸ್ತಿಯಾಗುತ್ತದೆ, ಚರ್ಮ ಸುಡುವ ಭಯ ಬೇರೆ. ಒರಟು ಕೂದಲಿನವರಿಗೆ ಯಾರಾದರೂ "ಸ್ಟ್ರಾಂಗ್ ಡೆವಲಪರ್ ಹಾಕೋಣ" ಅಂದರೆ ಬೇಡ ಅನ್ನಿ, ಹತ್ತು ನಿಮಿಷ ಹೆಚ್ಚು ಕೂರುತ್ತೇನೆ ಅನ್ನಿ. ಜೊತೆಯಲ್ಲಿ ಬಂದವರ ತಲೆ ಮೊದಲೇ ತೊಳೆದಾಗಿದ್ದರೂ ನಿಮ್ಮ ಎಳೆ ಒರೆಸಿ ನೋಡದೆ ಬೇಸಿನ್ನಿಗೆ ಏಳಬೇಡಿ.