ಕಾಲ್ ಲಾಭದಲ್ಲಿದೆ: ಮಾರಿಬಿಡೋದಾ, ಕೊನೇ ದಿನದವರೆಗೆ ಹಿಡಿದು ಷೇರು ತಗೊಳೋದಾ? ಎರಡೂ ಮಾಡಿ ನೋಡಿದ್ದೇನೆ

"ಮಾಮ, ಕಾಲ್ ಲಾಭದಲ್ಲಿದೆ. ಎಕ್ಸರ್ಸೈಸ್ ಬಟನ್ ಎಲ್ಲಿದೆ?" ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿ ಕೇಳಿದ. ಆ ಬಟನ್ ಇಲ್ಲ ಕಣೋ ಅಂದೆ. ನಂಬಲಿಲ್ಲ. ಅವನು ನೋಡಿದ್ದ ವಿಡಿಯೋಗಳೆಲ್ಲ ಅಮೆರಿಕದವು. ಕಾಲ್ ಅಂದರೆ ಮೊದಲೇ ಗೊತ್ತಾದ ಬೆಲೆಗೆ, ಅಂದರೆ ಸ್ಟ್ರೈಕ್ ಬೆಲೆಗೆ, ಷೇರು ಕೊಳ್ಳುವ ಹಕ್ಕು. ಆ ಹಕ್ಕನ್ನು ಚಲಾಯಿಸುವುದೇ ಎಕ್ಸರ್ಸೈಸ್, ಹಕ್ಕು ಮುಗಿಯುವ ದಿನವೇ ಎಕ್ಸ್‌ಪೈರಿ.

ಎನ್‌ಎಸ್‌ಇಯಲ್ಲಿ ಷೇರಿನ ಆಪ್ಷನ್ ಆಗಲಿ, ನಿಫ್ಟಿ ಆಪ್ಷನ್ ಆಗಲಿ, ಎಲ್ಲವೂ ಯುರೋಪಿಯನ್ ಶೈಲಿಯವು. ಹೆಸರಿಗೂ ಯುರೋಪಿಗೂ ಸಂಬಂಧ ಹುಡುಕಬೇಡಿ. ಎಕ್ಸ್‌ಪೈರಿ ದಿನ ಬಿಟ್ಟು ಬೇರೆ ದಿನ ಎಕ್ಸರ್ಸೈಸ್ ಮಾಡಲು ಬರಲ್ಲ ಅನ್ನುವುದಷ್ಟೇ ಅದರ ಅರ್ಥ. ಅಂದರೆ ಲಾಭದಲ್ಲಿರುವ ಕಾಲ್ ಕೈಯಲ್ಲಿದ್ದರೆ ನಿಮಗಿರುವ ದಾರಿ ಎರಡೇ. ಎಕ್ಸ್‌ಪೈರಿಗೆ ಮೊದಲು ಯಾವಾಗ ಬೇಕಾದರೂ ಮಾರಬಹುದು. ಇಲ್ಲವಾದರೆ ಸುಮ್ನೆ ಕೂರಬಹುದು. ಕೂತರೆ ಅದು ತಾನಾಗಿಯೇ ಎಕ್ಸರ್ಸೈಸ್ ಆಗುತ್ತದೆ, ಷೇರಿನ ಆಪ್ಷನ್ ಆಗಿದ್ದರೆ ಇಡೀ ಲಾಟ್ ಷೇರು ನಿಮ್ಮ ತಲೆಗೆ ಬರುತ್ತದೆ, ಅದರ ಪೂರ್ತಿ ದುಡ್ಡು ನೀವು ಕಟ್ಟಬೇಕು. ಮೊದಲೆಲ್ಲ ವ್ಯತ್ಯಾಸದ ಹಣ ಮಾತ್ರ ಖಾತೆಗೆ ಬರುತ್ತಿತ್ತು. 2018ರಿಂದ ಹಂತಹಂತವಾಗಿ ಬದಲಾಗಿ, 2019ರ ಅಕ್ಟೋಬರ್ ಹೊತ್ತಿಗೆ ಎಲ್ಲ ಷೇರುಗಳ ಆಪ್ಷನ್‌ಗೂ ಡೆಲಿವರಿ ಕಡ್ಡಾಯವಾಯಿತು. ಹಳೆಯ ಲೇಖನ ಓದಿ ಬರುವವರು ಎಡವುವುದು ಇಲ್ಲೇ.

ನಾನು 2025ರ ಮೊದಲ ತಿಂಗಳುಗಳಲ್ಲಿ ಒಂದೇ ಕಂಪನಿಯ ಷೇರಿನ ಮೇಲೆ ಎರಡು ದಾರಿಯನ್ನೂ ತುಳಿದೆ. ಒಂದು ತಿಂಗಳು ಮಾರಿದೆ, ಮುಂದಿನ ತಿಂಗಳು ಬೇಕಂತಲೇ ಡೆಲಿವರಿಗೆ ಬಿಟ್ಟೆ. ಕಂಪನಿ ಯಾವುದು ಅನ್ನುವುದು ಮುಖ್ಯವಲ್ಲ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ: ಲಾಟ್ 500 ಷೇರು, ಸ್ಟ್ರೈಕ್ 1,000 ರೂಪಾಯಿ, ನಾನು ಕೊಟ್ಟ ಪ್ರೀಮಿಯಂ ಷೇರಿಗೆ 18. ಒಟ್ಟು 9,000 ರೂಪಾಯಿ.

ಮೊದಲ ತಿಂಗಳು ಎಕ್ಸ್‌ಪೈರಿಗೆ ಇನ್ನೂ ಎಂಟು ದಿನ ಇರುವಾಗ ಷೇರು 1,040ಕ್ಕೆ ಬಂತು. ಆಗ ನನ್ನ ಕಾಲ್ ಬೆಲೆ 49. ಈ 49ರೊಳಗೆ ಏನಿದೆ ನೋಡಿ. 1,040ರ ಷೇರನ್ನು 1,000ಕ್ಕೆ ಕೊಳ್ಳುವ ಹಕ್ಕಿದೆಯಲ್ಲ, ಅದರ ಅಸಲಿ ಬೆಲೆ 40. ಉಳಿದ 9 ರೂಪಾಯಿ ಸಮಯಕ್ಕೆ ಸಿಗುವ ಬೆಲೆ. ಎಂಟು ದಿನದಲ್ಲಿ ಷೇರು ಇನ್ನೂ ಏರಬಹುದು ಅಂತ ಯಾರೋ ಆ 9 ರೂಪಾಯಿ ಕೊಡಲು ತಯಾರಿದ್ದಾರೆ. ಮಾರಿದರೆ ಅದು ನಿಮ್ಮ ಜೇಬಿಗೆ. ಷೇರು ಅಲ್ಲೇ ನಿಂತರೆ ದಿನಾ ಸ್ವಲ್ಪ ಸ್ವಲ್ಪ ಕರಗಿ ಎಕ್ಸ್‌ಪೈರಿ ದಿನ ಸೊನ್ನೆ.

ಮಾರಿದೆ. 24,500 ಬಂತು, ಹಾಕಿದ್ದು 9,000, ಉಳಿದದ್ದು 15,500. ಷೇರು ವ್ಯವಹಾರದ ತೆರಿಗೆ, ಅಂದರೆ ಎಸ್‌ಟಿಟಿ, ಆಗ ಪ್ರೀಮಿಯಂ ಮೇಲೆ ಶೇಕಡಾ 0.1, ಅಂದರೆ ಇಪ್ಪತ್ತೈದು ರೂಪಾಯಿ. ಕೊಂಡಾಗ ಇಪ್ಪತ್ತು, ಮಾರಿದಾಗ ಇಪ್ಪತ್ತು ಬ್ರೋಕರೇಜ್, ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ ಎಲ್ಲ ಸೇರಿದರೂ ಖರ್ಚು ನೂರು ರೂಪಾಯಿ ದಾಟಲಿಲ್ಲ. ಈ ದಾರಿಯ ಬಗ್ಗೆ ಹೇಳಲು ಇನ್ನೇನೂ ಇಲ್ಲ, ಅದೇ ಅದರ ಚಂದ.

ಎರಡನೇ ತಿಂಗಳ ಕಥೆ ಉದ್ದ.

ಎಕ್ಸ್‌ಪೈರಿಗೆ ನಾಲ್ಕು ದಿನ ಇರುವಾಗಲೇ ಬ್ರೋಕರ್ ಕಡೆಯಿಂದ ಮೆಸೇಜ್ ಬಂತು, ಡೆಲಿವರಿ ಮಾರ್ಜಿನ್ ಕಟ್ಟಿ ಅಂತ. ಕಾಲ್ ಕೊಂಡವನು ಪ್ರೀಮಿಯಂ ಕೊಟ್ಟಾಯಿತು, ಇನ್ನೇನೂ ಕಟ್ಟಬೇಕಿಲ್ಲ ಅಂದುಕೊಂಡಿರುತ್ತೇವಲ್ವಾ, ಆ ಮಾತು ಈ ಕೊನೆಯ ನಾಲ್ಕು ದಿನಕ್ಕೆ ಅನ್ವಯಿಸಲ್ಲ. ಲಾಭದಲ್ಲಿರುವ ಸ್ಟ್ರೈಕ್ ಆದರೆ ಮಾರ್ಜಿನ್ ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ, ಕೊನೆಗೆ ಪೂರ್ತಿ 5 ಲಕ್ಷ ರೂಪಾಯಿ ಖಾತೆಯಲ್ಲಿ ಇರಬೇಕು. 9,000 ಹಾಕಿ ಆಟಕ್ಕಿಳಿದವನಿಗೆ 5 ಲಕ್ಷದ ಬಿಲ್ಲು. ನಾನು ಒಂದು ಎಫ್‌ಡಿ ಮುರಿಸಿದೆ, ಮನೆಯಲ್ಲಿ ಅದರ ವಿಷಯ ಈಗಲೂ ಆಗಾಗ ಬರುತ್ತದೆ. ದುಡ್ಡು ಇಡದಿದ್ದರೆ ಬ್ರೋಕರ್ ತಾನೇ ನಿಮ್ಮ ಕಾಲ್ ಮಾರಿ ಹಾಕಬಹುದು, ಅದೂ ಸಿಕ್ಕ ಬೆಲೆಗೆ. ಅವರೂ ಮಾರದೆ ಡೆಲಿವರಿ ಆಗಿಹೋದರೆ ಬಾಕಿ ಹಣಕ್ಕೆ ಬಡ್ಡಿ, ಮೇಲೆ ದಂಡ.

ಎಕ್ಸ್‌ಪೈರಿ ದಿನ ಮಧ್ಯಾಹ್ನ 3 ಗಂಟೆ 10 ನಿಮಿಷ. ಷೇರು 1,040. ಕಾಲ್‌ನ ಆರ್ಡರ್ ಪಟ್ಟಿ ತೆಗೆದು ನೋಡಿದರೆ ಕೊಳ್ಳುವವರ ಕಡೆ 38, ಮಾರುವವರ ಕಡೆ 41. ಸಮಯದ ಬೆಲೆ ಸೊನ್ನೆ ಆಗುವುದು ಗೊತ್ತಿತ್ತು, ಆದರೆ 40 ರೂಪಾಯಿ ಬೆಲೆಯ ವಸ್ತುವಿಗೆ 38 ಯಾಕೆ? ಯಾಕೆಂದರೆ ಆ ಹೊತ್ತಿಗೆ ಕಾಲ್ ಹಿಡಿದವರೆಲ್ಲ ಡೆಲಿವರಿ ತಪ್ಪಿಸಿಕೊಳ್ಳಲು ಬಾಗಿಲ ಕಡೆ ಓಡುತ್ತಿರುತ್ತಾರೆ. ಕೊಳ್ಳುವವನಿಗೂ ಮುಂದೆ ಡೆಲಿವರಿಯ ಖರ್ಚು ಬೀಳುತ್ತದೆ, ಅದನ್ನು ಕಳೆದುಕೊಂಡೇ ಅವನು ಬೆಲೆ ಹೇಳುತ್ತಾನೆ. ಸಂತೆ ಮುಗಿಯುವ ಹೊತ್ತಿನ ಸೊಪ್ಪಿನ ವ್ಯಾಪಾರ ಇದು.

ಹೊಸಬರು ಇಲ್ಲಿ ಮಾಡುವ ತಪ್ಪು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನನ್ನ ಕೈಯೂ ತಡೆದದ್ದು ಅಲ್ಲೇ. "ಷೇರಿಗೆ 2 ರೂಪಾಯಿ, ಅಂದರೆ 1,000 ರೂಪಾಯಿ ಸುಮ್ನೆ ಬಿಡೋದಾ? ಎಕ್ಸರ್ಸೈಸ್ ಆದರೆ ಪೂರ್ತಿ 40 ಸಿಗುತ್ತಲ್ಲ" ಅನ್ನಿಸುತ್ತದೆ. 38ಕ್ಕೆ ಮಾರಿದ್ದರೆ 19,000 ಬರುತ್ತಿತ್ತು, ಹಾಕಿದ 9,000 ಕಳೆದು 10,000 ಲಾಭ. ನಾನು ಮಾರಲಿಲ್ಲ, ಪರೀಕ್ಷೆ ಮಾಡಬೇಕಿತ್ತಲ್ಲ.

ಷೇರು ಕೊನೆಗೆ 1,040ರಲ್ಲೇ ಮುಗಿಯಿತು. ಆಗಿನ ಪದ್ಧತಿಯಲ್ಲಿ ಮುಕ್ತಾಯದ ಬೆಲೆ ಅಂದರೆ ಕೊನೆಯ ಅರ್ಧ ಗಂಟೆಯ ಸರಾಸರಿ, 3 ಗಂಟೆ 30ಕ್ಕೆ ಪರದೆಯಲ್ಲಿ ಕಂಡ ಬೆಲೆ ಅಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಸ್ಟ್ರೈಕ್ ಅಂಚಿನಲ್ಲಿದ್ದು ಕೊನೆಯಲ್ಲಿ ಷೇರು 998 ತೋರಿಸಿದರೂ ಸರಾಸರಿ 1,001 ಆಗಿದ್ದರೆ ಡೆಲಿವರಿ ಗ್ಯಾರಂಟಿ. 500 ರೂಪಾಯಿ ಬೆಲೆಯ ಹಕ್ಕಿಗೆ 5 ಲಕ್ಷ ಕಟ್ಟಬೇಕು. "ಬೇಡ, ಎಕ್ಸರ್ಸೈಸ್ ಮಾಡಬೇಡಿ" ಅನ್ನುವ ಒಂದು ಸೌಲಭ್ಯ ಮೊದಲು ಇತ್ತು, ಅದನ್ನೂ ತೆಗೆದಿದ್ದಾರೆ.

ಸರಿ, ಬಿಲ್ಲು ಬಂತು. ಡೆಲಿವರಿ ಆದ್ದರಿಂದ ಎಸ್‌ಟಿಟಿ ಷೇರು ಕೊಂಡ ಲೆಕ್ಕದಲ್ಲೇ, 5 ಲಕ್ಷದ ಮೇಲೆ ಶೇಕಡಾ 0.1, ಅಂದರೆ 500. ಸ್ಟಾಂಪ್ ಡ್ಯೂಟಿ 75. ನನಗೆ ನಿಜಕ್ಕೂ ಕಚ್ಚಿದ್ದು ಬ್ರೋಕರ್ ಶುಲ್ಕ. ಮಾಮೂಲಿ ಆರ್ಡರಿಗೆ ಇಪ್ಪತ್ತು ರೂಪಾಯಿ ತಗೊಳ್ಳುವವರು ಆಪ್ಷನ್ ಡೆಲಿವರಿಗೆ ಮಾತ್ರ ಒಟ್ಟು ಮೌಲ್ಯದ ಶೇಕಡಾ 0.25 ಹಾಕಿದ್ದರು. 1,250, ಮೇಲೆ ಜಿಎಸ್‌ಟಿ ಸೇರಿ 1,475. ದರಪಟ್ಟಿಯಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ಒಟ್ಟು 2,050 ರೂಪಾಯಿ. 1,000 ರೂಪಾಯಿ ಉಳಿಸಲು ಹೋಗಿ ಅದರ ಎರಡರಷ್ಟು ಕೊಟ್ಟಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಷೇರು ನನ್ನ ಡಿಮ್ಯಾಟ್‌ಗೆ ಬಂದು ಮಾರಲು ಸಿಗುವಷ್ಟರಲ್ಲಿ ಬೆಲೆ 1,028ಕ್ಕೆ ಜಾರಿತ್ತು. ನಡುವೆ ನಾನು ಏನೂ ಮಾಡುವ ಹಾಗಿರಲಿಲ್ಲ, ಸುಮ್ನೆ ನೋಡುತ್ತಾ ಕೂತೆ. ಏರಲೂಬಹುದಿತ್ತು, ಒಪ್ಪುತ್ತೇನೆ, ಆದರೆ ಒಂದು ಗಮನಿಸಿ: ಕಾಲ್ ಇದ್ದಾಗ ನನ್ನ ಗರಿಷ್ಠ ನಷ್ಟ 9,000. ಷೇರಾದ ಮರುಕ್ಷಣ 5 ಲಕ್ಷವೂ ಬಯಲಿನಲ್ಲಿದೆ. 1,028ಕ್ಕೆ ಮಾರಿದಾಗ ಮತ್ತೆ ಎಸ್‌ಟಿಟಿ ಅದು ಇದು ಅಂತ ಸುಮಾರು 550 ಹೋಯಿತು. ಷೇರಿಗೆ 28ರಂತೆ ಸಿಕ್ಕ 14,000ದಲ್ಲಿ ಪ್ರೀಮಿಯಂ 9,000 ಕಳೆಯಿರಿ, ಎರಡೂ ಕಡೆಯ ಖರ್ಚು 2,600 ಕಳೆಯಿರಿ. ಉಳಿದದ್ದು 2,400. 3 ಗಂಟೆ 10ಕ್ಕೆ ಕೈಗೆ ಬರುತ್ತಿದ್ದದ್ದು 10,000.

ಷೇರು ಇಳಿದದ್ದು ನನ್ನ ಗ್ರಹಚಾರ ಅನ್ನಿ, ಅದನ್ನು ಬಿಟ್ಟೇ ಲೆಕ್ಕ ಹಾಕೋಣ. ಷೇರು 1,040ರಲ್ಲೇ ನಿಂತಿದ್ದರೂ ಎರಡೂ ಕಡೆಯ ಖರ್ಚು ಷೇರಿಗೆ ಸುಮಾರು 5 ರೂಪಾಯಿ ಬೀಳುತ್ತದೆ. ಅಂದರೆ ಕೊಳ್ಳುವವರು 35ಕ್ಕಿಂತ ಮೇಲೆ ಕೊಡುತ್ತಿರುವವರೆಗೂ ಮಾರುವುದೇ ಲಾಭ. ನಿಮ್ಮ ಬ್ರೋಕರ್ ದರ ಬೇರೆ ಇರಬಹುದು, ಎಸ್‌ಟಿಟಿ ಕೂಡ ಬಜೆಟ್ ಬಂದಾಗ ಬದಲಾಗುತ್ತದೆ, ಹಾಗಾಗಿ ನನ್ನ 5 ರೂಪಾಯಿಯನ್ನು ಬಾಯಿಪಾಠ ಮಾಡಬೇಡಿ. ನಿಮ್ಮ ದರಪಟ್ಟಿ ತೆಗೆದು ನೀವೇ ಲೆಕ್ಕ ಹಾಕಿ.

"ನನಗೆ ಷೇರೇ ಬೇಕು, ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇನೆ" ಅನ್ನುವವರ ಕಥೆಯೇನು? ಅವರಿಗೂ ಎಕ್ಸರ್ಸೈಸ್ ಒಂದೇ ದಾರಿಯಲ್ಲ. ಕಾಲ್ ಮಾರಿ, ಅದೇ ನಿಮಿಷ ಮಾರುಕಟ್ಟೆಯಲ್ಲಿ 500 ಷೇರು ಕೊಳ್ಳಬಹುದು. ಹಾಗೆ ಮಾಡಿದ್ದರೆ 38ಕ್ಕೆ ಮಾರಿದ್ದರಿಂದ 1,000 ಹೋಗುತ್ತಿತ್ತು, ಷೇರು ಕೊಳ್ಳುವ ಎಸ್‌ಟಿಟಿ ಮತ್ತು ಸ್ಟಾಂಪ್ ಡ್ಯೂಟಿ ಸುಮಾರು 600, ಚಿಲ್ಲರೆ ಖರ್ಚು ಇನ್ನೊಂದು ಎಂಬತ್ತು. ಡೆಲಿವರಿಯ 2,050ಕ್ಕಿಂತ ಆಗಲೂ ಕಡಿಮೆಯೇ. ಅಷ್ಟೇ ಅಲ್ಲ, 500 ಬೇಡ, 100 ಸಾಕು ಅಂದರೆ 100 ಕೊಳ್ಳಬಹುದು. ಡೆಲಿವರಿಗೆ ಬಿಡುವುದು ಗೆಲ್ಲುವುದು ಒಂದು ಕಡೆ ಮಾತ್ರ: ಸ್ಟ್ರೈಕ್ ಷೇರಿನ ಬೆಲೆಗಿಂತ ತುಂಬಾ ಕೆಳಗಿದ್ದು ಕೊಳ್ಳುವವರೇ ಇಲ್ಲದೆ, 120ರ ವಸ್ತುವಿಗೆ 108 ಹೇಳುತ್ತಿದ್ದಾರೆ, ನಿಮಗೆ ಇಡೀ ಲಾಟ್ ಷೇರು ಬೇಕು, ದುಡ್ಡೂ ರೆಡಿ ಇದೆ. ಆಗ ಬಿಡಿ, ತಪ್ಪಿಲ್ಲ.

ಅಮೆರಿಕದಲ್ಲಿ ಇರುವವರಿಗೆ ಮಾತ್ರ ಅಕ್ಕನ ಮಗ ಹುಡುಕುತ್ತಿದ್ದ ಬಟನ್ ನಿಜಕ್ಕೂ ಇದೆ. ಅಲ್ಲಿ ಷೇರಿನ ಆಪ್ಷನ್ ಯಾವ ದಿನ ಬೇಕಾದರೂ ಎಕ್ಸರ್ಸೈಸ್ ಮಾಡಬಹುದು. ಡಲ್ಲಾಸ್‌ನಲ್ಲಿರುವ ನಮ್ಮ ಭಾವ ಒಮ್ಮೆ ಅದನ್ನು ಒತ್ತಿದರು. 50 ಡಾಲರ್ ಸ್ಟ್ರೈಕ್, ಷೇರು 56, ಕಾಲ್ ಮಾರುಕಟ್ಟೆಯಲ್ಲಿ 7.10ಕ್ಕೆ ಹೋಗುತ್ತಿತ್ತು. ಒತ್ತಿದ ಕೂಡಲೇ 6 ಡಾಲರ್ ಮಾತ್ರ ಉಳಿಯಿತು, ಸಮಯದ 1.10 ಗಾಳಿಗೆ. ಒಂದು ಕಾಂಟ್ರ್ಯಾಕ್ಟ್‌ಗೆ 100 ಷೇರು, ಅಂದರೆ 110 ಡಾಲರ್. ಅಲ್ಲಿ ಬೇಗ ಎಕ್ಸರ್ಸೈಸ್ ಮಾಡುವುದಕ್ಕೆ ಅರ್ಥವಿರುವುದು ಹೆಚ್ಚಾಗಿ ಎಕ್ಸ್-ಡಿವಿಡೆಂಡ್ ದಿನದ ಹಿಂದಿನ ದಿನ, ಅಂದರೆ ಷೇರು ಕೊಂಡರೆ ಡಿವಿಡೆಂಡ್ ಸಿಗುವ ಕೊನೆಯ ದಿನ, ಅದೂ ಡಿವಿಡೆಂಡ್ ಮೊತ್ತ ಕಾಲ್‌ನಲ್ಲಿ ಉಳಿದಿರುವ ಸಮಯದ ಬೆಲೆಗಿಂತ ಜಾಸ್ತಿ ಇದ್ದಾಗ.

ನಿಫ್ಟಿ ಕಾಲ್ ಆಗಿದ್ದರೆ ಇಷ್ಟೆಲ್ಲ ತಲೆನೋವಿಲ್ಲ. ಷೇರು ಬರಲ್ಲ, ವ್ಯತ್ಯಾಸದ ದುಡ್ಡು ಖಾತೆಗೆ ಬರುತ್ತದೆ.

ಅಕ್ಕನ ಮಗನದು ಷೇರಿನ ಕಾಲ್, ಎಕ್ಸ್‌ಪೈರಿಗೆ ಆರು ದಿನ ಇತ್ತು. ಖಾತೆಯಲ್ಲಿ ಎಷ್ಟಿದೆ ಅಂದೆ. ಹನ್ನೊಂದು ಸಾವಿರ ಅಂದ. ಮಾರುಕಟ್ಟೆ ಬೆಲೆಗೆ ಆರ್ಡರ್ ಹಾಕಬೇಡ, ಕೊಳ್ಳುವವರಿಗೂ ಮಾರುವವರಿಗೂ ನಡುವಿನ ಬೆಲೆಗೆ ಲಿಮಿಟ್ ಹಾಕು, ಹತ್ತು ನಿಮಿಷದಲ್ಲಿ ಹೋಗದಿದ್ದರೆ 50 ಪೈಸೆ ಇಳಿಸು ಅಂದೆ. ಎರಡು ಸಲ ಇಳಿಸಿದ ಮೇಲೆ ಹೋಯಿತು.