ಪ್ರವಚನದ ಸಾರ: ಕೇಳುತ್ತಲೇ ಬರೆಯೋದಾ, ರೆಕಾರ್ಡ್ ಮಾಡಿ ಬರೆಯೋದಾ?

ಹಾಸನದ ನಮ್ಮ ಬಡಾವಣೆಯಲ್ಲಿ ಒಂದು ಗಂಟೆಯ ಪ್ರವಚನ ಇತ್ತು. ನಾನು ಕೇಳುತ್ತಲೇ ಬರೆದುಕೊಂಡೆ. ಪಕ್ಕದಮನೆ ಅಕ್ಕ ಫೋನಿನಲ್ಲಿ ರೆಕಾರ್ಡ್ ಮಾಡಿದರು.

ನನ್ನ ಪುಟ ಆ ರಾತ್ರಿಯೇ ಮುಗಿಯಿತು. ಅದರಲ್ಲಿ "ಸಂಸಾರ ಬಿಟ್ಟರೇ ಮುಕ್ತಿ" ಅಂತಿತ್ತು. ರೆಕಾರ್ಡಿಂಗ್ ಕೇಳಿದರೆ ಸ್ವಾಮಿಗಳು ಹೇಳಿದ್ದು "ಸಂಸಾರ ಬಿಟ್ಟರೇ ಮುಕ್ತಿ ಅಂತಾರೆ". ಹತ್ತು ನಿಮಿಷ ಬಿಟ್ಟು, "ಬಿಡಬೇಕಾದ್ದು ಮನೆಯನ್ನಲ್ಲ, ನನ್ನದು ಅನ್ನೋದನ್ನ" ಅಂದಿದ್ದರು. ಮೊದಲು ಎದುರಿನವರ ವಾದ ಹೇಳಿ, ಆಮೇಲೆ ತಮ್ಮ ಮಾತು ಹೇಳೋದು ಹಳೇ ರೂಢಿ. ಪೂರ್ವಪಕ್ಷ, ಸಿದ್ಧಾಂತ ಅಂತಾರಲ್ವಾ, ಅದೇ. ಒಂದು "ಅಂತಾರೆ" ಬಿಟ್ಟುಹೋಗಿ ಅರ್ಥವೇ ತಿರುಗಿಬಿಟ್ಟಿತ್ತು.

ರೆಕಾರ್ಡಿಂಗ್‌ಗೆ ಸಮಯ ಜಾಸ್ತಿ. ಆ ಒಂದು ಗಂಟೆಯ ಮಾತಿಗೆ ನಮಗೆ ಮೂರು ಗಂಟೆ ಹಿಡಿಯಿತು. ಫೋನ್ ದೂರ ಇದ್ದರೆ ಶ್ಲೋಕಗಳು ಸರಿಯಾಗಿ ಕೇಳಿಸೋದೂ ಇಲ್ಲ. ಆದರೂ ನಾನು ಅದನ್ನೇ ಆರಿಸುತ್ತೇನೆ. ರೆಕಾರ್ಡ್ ಮಾಡಬೇಡಿ ಅಂದರೆ, ಬರೆಯುವಾಗ ಬೇರೆಯವರ ವಾದದ ಪಕ್ಕ, ಅಂಚಿನಲ್ಲಿ "ಪೂ" ಅಂತ ಗುರುತು ಹಾಕಿಕೊಳ್ಳಿ.

ಅಕ್ಕನ ಸಾರದಲ್ಲೂ ಒಂದು ತಪ್ಪಿತ್ತು. ಕೊನೆಗೆ "ಇಂದಿನ ಯುವಕರಿಗೆ ಇದು ಪಾಠ" ಅಂತ ಸುಮ್ನೆ ಸೇರಿಸಿದ್ದರು. ಸ್ವಾಮಿಗಳು ಯುವಕರ ಸುದ್ದಿಯನ್ನೇ ಎತ್ತಿರಲಿಲ್ಲ. ಆ ಸಾಲು ಅಳಿಸಿದೆವು.