ಫ್ಲಟರ್ ಜೊತೆ ಎರಡು ವರ್ಷ: ಮೊದಲ ಆ್ಯಪ್‌ಗೆ ಯಾವುದು?

ಕಲಬುರಗಿಯ ಗಂಜ್‌ನಲ್ಲಿರುವ ಅಡತಿ ಅಂಗಡಿಗಳಿಗೆ ತೊಗರಿಯ ತೂಕ ಬರೆದು, ಬ್ಲೂಟೂತ್ ಪ್ರಿಂಟರ್‌ನಲ್ಲಿ ರೈತನಿಗೆ ಚೀಟಿ ಕೊಡುವ ಆ್ಯಪ್ ಮಾಡಲು 2024ರ ಆರಂಭದಲ್ಲಿ ಕುಳಿತೆ. ಆಯ್ಕೆಗಳು ಮೂರಿದ್ದವು: ಐಫೋನ್‌ಗೆ ಬರೆಯುವ ಭಾಷೆ ಸ್ವಿಫ್ಟ್, ಆಂಡ್ರಾಯ್ಡ್‌ಗೆ ಬರೆಯುವ ಭಾಷೆ ಕೋಟ್ಲಿನ್, ಒಂದೇ ಕೋಡ್‌ನಿಂದ ಎರಡಕ್ಕೂ ಆ್ಯಪ್ ಮಾಡುವ ಫ್ಲಟರ್. ಕೈಯಲ್ಲಿದ್ದದ್ದು 8 ಜಿಬಿ ರ್‍ಯಾಮ್‌ನ ಹಳೆಯ ವಿಂಡೋಸ್ ಲ್ಯಾಪ್‌ಟಾಪ್.

ಸ್ವಿಫ್ಟ್ ಅಲ್ಲಿಗೇ ಮುಗಿಯಿತು. ಐಫೋನ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ, ಆ್ಯಪ್ ಸ್ಟೋರ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟುತ್ತಿರಬೇಕು. ಪ್ಲೇ ಸ್ಟೋರ್‌ಗೆ ಒಮ್ಮೆ 25 ಡಾಲರ್ ಸಾಕು. ಫ್ಲಟರ್‌ನಲ್ಲಿ ಬರೆದರೂ ಐಫೋನ್‌ಗೆ ಬೇಕಾದ ಮ್ಯಾಕ್ ಖರ್ಚು ತಪ್ಪುವುದಿಲ್ಲ. ಇದು ನನಗೆ ಮೊದಲೇ ತಿಳಿದಿರಬೇಕಿತ್ತು, ಏಕೆಂದರೆ "ಮುಂದೆ ಐಫೋನ್‌ಗೂ ಆಗುತ್ತದೆ" ಎಂಬ ಆಸೆಯಿಂದಲೇ ನಾನು ಕೋಟ್ಲಿನ್ ಬಿಟ್ಟು ಫ್ಲಟರ್ ಹಿಡಿದೆ. ಎರಡು ವರ್ಷಗಳಲ್ಲಿ ಐಫೋನ್‌ನಲ್ಲಿ ಬೇಕೆಂದ ಅಂಗಡಿಯವರು ಒಬ್ಬರೂ ಸಿಗಲಿಲ್ಲ.

ಮೊದಲ ವರ್ಷ ಫ್ಲಟರ್ ನಿಜಕ್ಕೂ ಖುಷಿ ಕೊಟ್ಟಿತು. ಪರದೆಯ ಮೇಲೆ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ ತೆರೆದರೆ ಲ್ಯಾಪ್‌ಟಾಪ್ ಉಸಿರುಗಟ್ಟುತ್ತಿತ್ತು. ಹಾಗಾಗಿ ನನ್ನ ಫೋನನ್ನೇ ಕೇಬಲ್‌ನಿಂದ ಜೋಡಿಸಿಕೊಂಡೆ. ತೂಕದ ಕಾಲಂ ಬದಲಿಸಿ ಉಳಿಸಿದರೆ ಕ್ಷಣದಲ್ಲಿ ಫೋನಿನ ಪರದೆ ಬದಲಾಗುತ್ತಿತ್ತು.

ಪೆಟ್ಟು ಬಿದ್ದದ್ದು 2025ರ ಡಿಸೆಂಬರ್‌ನಲ್ಲಿ. ಅಪ್‌ಡೇಟ್ ಹಾಕಬೇಕೆಂದರೆ ಆ್ಯಪ್ ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟಿರಬೇಕು ಎಂಬ ಪ್ಲೇ ಸ್ಟೋರ್ ನಿಯಮ ಆಗಲೇ ಜಾರಿಯಲ್ಲಿತ್ತು. ಅದಕ್ಕಾಗಿ ಫ್ಲಟರ್ ಮತ್ತು ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್ ಎರಡನ್ನೂ ಹೊಸದು ಮಾಡಿದೆ. ಬಿಲ್ಡ್ ಅರ್ಧಕ್ಕೇ ನಿಂತಿತು:

```
Namespace not specified.
```

ದೋಷ ನನ್ನ ಕೋಡ್‌ನಲ್ಲಿರಲಿಲ್ಲ. ಪ್ರಿಂಟರ್‌ಗೆಂದು ಬೇರೊಬ್ಬರ ಸಿದ್ಧ ಕೋಡ್, ಅಂದರೆ ಪ್ಲಗಿನ್, ಬಳಸಿದ್ದೆ. ಬರೆದವರು ಅದನ್ನು ಕೈಬಿಟ್ಟು ಬಹಳ ಕಾಲವಾಗಿತ್ತು. ಗ್ರೇಡಲ್ ಜೊತೆ ಬರುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8 ಕೇಳುವ `namespace` ಸಾಲು ಅದರಲ್ಲಿರಲಿಲ್ಲ. ಅಷ್ಟರಲ್ಲಿ ಅಂಗಡಿಯಿಂದ ಫೋನ್: "ತಮ್ಮಾ, ರೈತರು ಚೀಲ ಇಳಿಸಿ ಕಾಯುತ್ತಿದ್ದಾರೆ, ಹೊಸ ಚೀಟಿ ಯಾವಾಗ ಬರುತ್ತದೆ?" ಇಳಿಸಿಕೊಂಡ ಪ್ಲಗಿನ್‌ಗಳು ಕೂಡಿಡಲ್ಪಡುವ ಕ್ಯಾಶೆಯಲ್ಲಿದ್ದ ಪ್ರಿಂಟರ್ ಪ್ಲಗಿನ್ ಕಡತಕ್ಕೆ ಆ ಸಾಲು ಸೇರಿಸಿ ಅಂದಿನ ಕೆಲಸ ಸಾಗಿಸಿದೆ. ಆದರೆ ಆ ತಿದ್ದುಪಡಿ ಪ್ರಾಜೆಕ್ಟ್‌ನೊಳಗೆ ಇರುವುದಿಲ್ಲ. ಕ್ಯಾಶೆ ಅಳಿಸಿದರೆ ದೋಷ ಮರಳುತ್ತದೆ.

ಕೊನೆಗೆ ಪ್ಲಗಿನ್ ತೆಗೆದುಹಾಕಿ, ಪ್ರಿಂಟರ್‌ಗೆ ಸಂಪರ್ಕ ತೆರೆದು ಬೈಟ್‌ಗಳನ್ನು ಕಳಿಸುವ ಭಾಗವನ್ನು ಕೋಟ್ಲಿನ್‌ನಲ್ಲಿ ನಾನೇ ಬರೆದು, ಎರಡರ ನಡುವೆ ಸಂದೇಶ ಸಾಗಿಸುವ `MethodChannel` ಮೂಲಕ ಫ್ಲಟರ್‌ಗೆ ಜೋಡಿಸಿದೆ. ಕಲಿಯಲು ಮೂರು ವಾರ ಹಿಡಿಯಿತು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಆ್ಯಪ್ ಬರೀ ಫಾರ್ಮ್, ಪಟ್ಟಿ, ಲೆಕ್ಕವಾಗಿದ್ದು ಮುಂದೆ ಮ್ಯಾಕ್ ಕೊಳ್ಳುವ ಯೋಜನೆಯೂ ಇದ್ದರೆ ಫ್ಲಟರ್ ಹಿಡಿಯಿರಿ. ಪ್ರಿಂಟರ್, ತಕ್ಕಡಿಯಂತಹ ಯಂತ್ರ ಮುಟ್ಟುವುದಿದ್ದು ಗಿರಾಕಿಗಳೆಲ್ಲ ಆಂಡ್ರಾಯ್ಡ್‌ನವರಾದರೆ ಕೋಟ್ಲಿನ್.

ಯಾವುದನ್ನೇ ಆರಿಸಿ, ಪ್ಲೇ ಸ್ಟೋರ್‌ನ ಹೊಸ ವೈಯಕ್ತಿಕ ಖಾತೆಯಿಂದ ಆ್ಯಪ್ ಎಲ್ಲರಿಗೂ ಬಿಡುವ ಮುನ್ನ 12 ಜನ ಪರೀಕ್ಷಕರು ಸತತ 14 ದಿನ ಅದರ ಪರೀಕ್ಷೆಗೆ ಸೇರಿರಬೇಕು. ನನ್ನ ಕಾಲಕ್ಕೆ 20 ಜನ ಬೇಕಿತ್ತು. ಗೆಳೆಯರ ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳಿ, ನಾಲ್ಕೈದು ಹೆಸರು ಹೆಚ್ಚೇ ಇರಲಿ.